kale ಅಂತ ಬರೆದಿಟ್ಟಿದ್ದೆ, ಅದು ಕಲೆನೋ ಕಳೆನೋ?

ಸುಮಾರು ವರ್ಷದ ಹಿಂದೆ, ನನ್ನ ಫೋನಲ್ಲಿ ಕನ್ನಡ ಟೈಪ್ ಮಾಡೋಕೆ ಬರ್ತಿರ್ಲಿಲ್ಲ, ಆಗ ಅಜ್ಜಿ ಮಾತಾಡ್ತಾ ಮಾತಾಡ್ತಾ ಹೇಳ್ತಿದ್ದ ಮಾತುಗಳನ್ನ ಅಲ್ಲೇ ಕೂತು ಇಂಗ್ಲಿಷ್ ಅಕ್ಷರದಲ್ಲಿ ಒಂದು ಫೈಲಿಗೆ ಹಾಕ್ಕೊಂಡಿದ್ದೆ. ಅಂಥಾ ದೊಡ್ಡ ಕೆಲಸ ಏನಲ್ಲ, ಎಪ್ಪತ್ತು ಎಂಬತ್ತು ಸಾಲು ಇರಬಹುದು. ಅಜ್ಜಿ ಈಗಿಲ್ಲ. ಮೊನ್ನೆ ಆ ಫೈಲ್ ಸಿಕ್ತು, ಕನ್ನಡದಲ್ಲಿ ನೀಟಾಗಿ ಬರೆದು ಮನೆಯೋರಿಗೆಲ್ಲ ಕಳಿಸೋಣ ಅಂತ ಕೂತೆ. ಒಂದು ಗಂಟೆ ಕೆಲಸ ಅಂದ್ಕೊಂಡಿದ್ದು ನಾಲ್ಕು ದಿನ ಆಯ್ತು, ಇನ್ನೂ ಮುಗಿದಿಲ್ಲ, ಒಂದು ಸಾಲಂತೂ ಮುಗಿಯೋದೇ ಇಲ್ಲ ಅನ್ಸತ್ತೆ.

ಆ ಸಾಲು ಇದು:

```
dina kale tegedu tegedu kai novu
```

ಮೊದಲ ಸಲ ಓದಿದಾಗ ಏನೂ ಅನ್ನಿಸ್ಲಿಲ್ಲ. ದಿನಾ ಕಳೆ ತೆಗೆದು ತೆಗೆದು ಕೈ ನೋವು. ಸರಿ. ಮುಂದಿನ ಸಾಲಿಗೆ ಹೋದೆ. ಆಮೇಲೆ ಚಿಕ್ಕಮ್ಮನಿಗೆ ಫೋನಲ್ಲಿ ಓದಿ ಹೇಳ್ತಿರುವಾಗ ಅವರು "ಕಳೆ ಅಲ್ವೋ, ಕಲೆ ಇರಬೇಕು, ಬಟ್ಟೆ ಉಜ್ಜಿ ಉಜ್ಜಿ ಕೈ ನೋವು ಅಂತ ಯಾವಾಗ್ಲೂ ಅಂತಿದ್ರಲ್ಲ" ಅಂದ್ರು. ಅಲ್ಲಿಗೆ ಕೆಲಸ ನಿಂತುಹೋಯ್ತು. ಯಾಕಂದ್ರೆ ಕಲೆನೂ ತೆಗೀತಾರೆ, ಕಳೆನೂ ತೆಗೀತಾರೆ, ಎರಡನ್ನೂ ದಿನಾ ಮಾಡಿದ್ರೆ ಕೈ ನೋಯತ್ತೆ. ವಾಕ್ಯ ಎರಡು ಕಡೆಯಿಂದಲೂ ಸರಿ. ಅಜ್ಜಿ ಹೇಳಿದಾಗ ನಾನು ಕೇಳಿಸ್ಕೊಂಡಿದ್ದು ಒಂದೇ ಶಬ್ದ, ಅದರಲ್ಲಿ ಯಾವ ಅನುಮಾನಾನೂ ಇರ್ಲಿಲ್ಲ. ಅನುಮಾನ ಹುಟ್ಟಿದ್ದು ನಾನು l ಅನ್ನೋ ಕೀ ಒತ್ತಿದ ಆ ಕ್ಷಣದಲ್ಲಿ.

ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ತಾಗಿದ್ರೆ ಲ, ಅದೇ ತುದಿ ಹಿಂದಕ್ಕೆ ಮಡಚ್ಕೊಂಡು ಅಂಗುಳಕ್ಕೆ ತಾಗಿದ್ರೆ ಳ. ಕನ್ನಡದ ಕಿವಿಗೆ ಇವೆರಡು ಬೇರೆ ಬೇರೆ ಅಕ್ಷರ, ಇಂಗ್ಲಿಷಿಗೆ ಈ ವ್ಯತ್ಯಾಸವೇ ಬೇಡ, ಅಲ್ಲಿ ಇದ್ರಿಂದ ಯಾವ ಪದದ ಅರ್ಥಾನೂ ಬದಲಾಗಲ್ಲ, ಹಂಗಾಗಿ ಅದಕ್ಕೆ ಅಂತ ಒಂದು ಅಕ್ಷರ ಇಲ್ಲ. ಟ ಠ ಡ ಢ ಣ ಕತೆನೂ ಅಷ್ಟೇ. ಎರಡು ಶಬ್ದ ಒಂದೇ ಕೀ ಒಳಗೆ ಹೋಗ್ತವೆ. ಒಳಗೆ ಹೋಗೋದು ಸುಲಭ, ಆಚೆ ಬರುವಾಗ ಯಾವುದು ಅಂತ ಗೊತ್ತಾಗಲ್ಲ.

kale ಅನ್ನೋ ನಾಲ್ಕು ಅಕ್ಷರವನ್ನ ನಾನು ಕೂತು ಬಿಡಿಸಿ ನೋಡಿದೆ. a ಅನ್ನೋದು ಅ ಆಗಬಹುದು ಆ ಆಗಬಹುದು, l ಅನ್ನೋದು ಲ ಅಥವಾ ಳ, ಕೊನೆಯ e ಅನ್ನೋದು ಎ ಅಥವಾ ಏ. ಎರಡೆರಡು ದಾರಿ ಮೂರು ಕಡೆ, ಒಟ್ಟು 8: ಕಲೆ, ಕಳೆ, ಕಾಲೆ, ಕಾಳೆ, ಆಮೇಲೆ ಇವೇ ನಾಲ್ಕು ಕೊನೆಗೆ ದೀರ್ಘ ಹಾಕ್ಕೊಂಡು. ಖ ಬಿಟ್ಟೇ ಲೆಕ್ಕ ಹಾಕಿದ್ದು ಇದು. ಎಂಟರಲ್ಲಿ ಎಲ್ಲವೂ ಪದ ಅಲ್ಲ ಬಿಡಿ, ಕಾಲೆ ಅಂತ ನಂಗೆ ಗೊತ್ತಿರೋ ಪದ ಇಲ್ಲ, ಕಾಳೆ ಅಂದ್ರೆ ಕಹಳೆ ಅನ್ನೋ ಹಳೇ ಪದ ಇದೆ ಆದ್ರೆ ಅಜ್ಜಿ ದಿನಾ ಕಹಳೆ ತೆಗೀತಿದ್ರು ಅನ್ನೋಕಾಗಲ್ಲ. ಹಿಂಗೆ ಒಂದೊಂದೇ ಹೊಡೆದುಹಾಕಿ ಕೊನೆಗೆ ಉಳಿದಿದ್ದು ಎರಡು, ಅವೆರಡರಲ್ಲಿ ಒಂದನ್ನ ಹೊಡೆದುಹಾಕೋಕೆ ನನ್ನ ಹತ್ರ ಏನೂ ಇಲ್ಲ.

(ಕಲೆ ಅನ್ನೋದಕ್ಕೇ ಎರಡು ಅರ್ಥ ಇದ್ಯಲ್ಲ, ಕೌಶಲ ಒಂದು, ಬಟ್ಟೆ ಮೇಲಿನ ಗುರುತು ಒಂದು, ಅದೂ ಗೊಂದಲವೇ ಅಲ್ವಾ ಅಂತ ತಂಗಿ ಕೇಳಿದ್ಲು. ಅಲ್ಲ. ಅದು ಭಾಷೆಯೊಳಗೇ ಇರೋ ಗೊಂದಲ, ಅಜ್ಜಿ ಬಾಯಲ್ಲೇ ಎರಡೂ ಒಂದೇ ಥರ ಕೇಳಿಸ್ತವೆ. ನಾನು ಹೇಳ್ತಿರೋದು ಬಾಯಲ್ಲಿ ಬೇರೆ ಇದ್ದು ಬರವಣಿಗೆಯಲ್ಲಿ ಒಂದಾಗಿಹೋದ ಗೊಂದಲ.)

ಸ್ವರಗಳದ್ದು ಇನ್ನೊಂದು ಥರದ ಗೋಳು. ದೀರ್ಘ ತೋರಿಸೋಕೆ ಎರಡೆರಡು ಸಲ ಬರೆದ್ರೆ ಆಯ್ತಲ್ಲ ಅಂತೀವಿ, ಆ ಬೇಕಾದ್ರೆ aa, ಈ ಬೇಕಾದ್ರೆ ee, ಊ ಬೇಕಾದ್ರೆ oo. ಇಲ್ಲೇ ಎಡವಟ್ಟು. ee ಮತ್ತೆ oo ಗಳನ್ನ ನಾವು ಇಂಗ್ಲಿಷ್ ಸ್ಪೆಲ್ಲಿಂಗಿನಿಂದ ತಗೊಂಡು ಬಂದ್ವಿ, ಅಲ್ಲಿ ಅವು ಈ, ಊ ಅಂತ ಓದೋ ಜೋಡಿಗಳು. ಅಂದ್ಮೇಲೆ e ಗೆ ದೀರ್ಘ ಆದ ಏ, o ಗೆ ದೀರ್ಘ ಆದ ಓ, ಇವೆರಡಕ್ಕೆ ಕೂರೋಕೆ ಜಾಗವೇ ಇಲ್ಲ. ಬೇಡ ಅನ್ನೋದನ್ನ beeda ಅಂತ ಬರೆದ್ರೆ ಓದೋರು ಬೀಡ ಅಂತಾರೆ, ಕೋಡಿ ಅನ್ನೋದನ್ನ koodi ಅಂತ ಬರೆದ್ರೆ ಕೂಡಿ ಅಂತಾರೆ. ಹಂಗಾಗಿ ಏ ಓ ಬಂದಾಗೆಲ್ಲ ನಾವು ಸುಮ್ನೆ e, o ಅಂತ ಒಂದೇ ಬರೆದು ಮುಂದೆ ಹೋಗ್ತೀವಿ, ಆಗ ಕೊಡಿ, ಕೋಡಿ ಎರಡೂ kodi. ಆ, ಈ, ಊ ಬರೆಯುವಾಗ ಬೇಕಾದ್ರೆ ಎಚ್ಚರ ವಹಿಸಬಹುದು, ಏ ಮತ್ತೆ ಓ ಬರೆಯುವಾಗ ಎಚ್ಚರ ವಹಿಸಿದ್ರೂ ಉಪಯೋಗ ಇಲ್ಲ. ನನ್ನ ಫೈಲಲ್ಲಿ hale hale ಅಂತ ಒಂದು ಕಡೆ ಇದೆ, ಅದು ಹಳೆ ಹಾಳೆ ಅಂತ ಹೊಳೆಯೋಕೆ ನಂಗೆ ಐದು ನಿಮಿಷ ಬೇಕಾಯ್ತು. ಮುಂದಿನ ಪದ "ಹರಿದುಹೋಯ್ತು" ಅಂತ ಇದ್ದಿದ್ದಕ್ಕೆ ಬಚಾವ್.

ಎಲ್ಲಾ ಕಡೆ ಇಷ್ಟು ಕಷ್ಟ ಇರಲ್ಲ ಅನ್ನೋದನ್ನೂ ಹೇಳ್ಬೇಕು. ವ್ಯಾಕರಣ ಎಷ್ಟೋ ಸಲ ಕಾಪಾಡತ್ತೆ. ಈ ವಾಕ್ಯ ತಗೊಳ್ಳಿ:

```
avalu todalu hodalu
```

ಮೂರೂ ಪದದ ಕೊನೆಗೆ lu ಇದೆ. ಮೊದಲನೇದು ಅವಳು, ಬೇರೆ ದಾರಿನೇ ಇಲ್ಲ. ಮೂರನೇದು ಕ್ರಿಯಾಪದ, ಹೆಂಗಸು ಮಾಡಿದ ಕೆಲಸ, ಅದಕ್ಕೆ ಳು ಅಂತಲೇ ಬರಬೇಕು, ಸೋ ಹೋದಳು. ನಡುವಿನದ್ದು ಇನ್ನೊಂದು ಕೆಲಸಕ್ಕೆ ಅಂತ ಹೋಗಿದ್ದು, ಅದರ ಕೊನೆಗೆ ಲು. ಇಲ್ಲಿವರೆಗೂ ವ್ಯಾಕರಣವೇ ಲ ಳ ಹಂಚಿಕೊಡ್ತು. ಆದ್ರೆ todalu ಒಳಗಿನ o ಹ್ರಸ್ವನೋ ದೀರ್ಘನೋ ಅನ್ನೋದನ್ನ ವ್ಯಾಕರಣ ಹೇಳಲ್ಲ. ಅವಳು ತೊಡಲು ಹೋದಳು ಅಂದ್ರೆ ಬಟ್ಟೆ ಹಾಕ್ಕೊಳ್ಳೋಕೆ ಹೋದಳು, ಅವಳು ತೋಡಲು ಹೋದಳು ಅಂದ್ರೆ ನೆಲ ಅಗೆಯೋಕೆ ಹೋದಳು. ಪ್ರತ್ಯಯ ಇರೋ ಕಡೆ ಕಳೆದಿದ್ದು ವಾಪಸ್ ಸಿಗತ್ತೆ, ಪದದ ಬೇರಿನಲ್ಲಿ ಕಳೆದಿದ್ದು ಸಿಗೋದು ಅಕ್ಕಪಕ್ಕದ ಮಾತು ದಯೆ ತೋರಿಸಿದ್ರೆ ಮಾತ್ರ.

ಬೇಜಾರಾಗಿ ಇಡೀ ಫೈಲನ್ನ ಒಂದು ಕನ್ವರ್ಟರಿಗೆ ಹಾಕಿ ನೋಡಿದೆ, ಇಂಗ್ಲಿಷ್ ಅಕ್ಷರದ ಕನ್ನಡವನ್ನ ಕನ್ನಡ ಲಿಪಿ ಮಾಡ್ಕೊಡತ್ತಲ್ಲ ಅದು. ಇಂಥವು ಸಾಮಾನ್ಯವಾಗಿ ಮಾಡೋದು ಇಷ್ಟೇ, ಸಾಧ್ಯ ಇರೋ ಪದಗಳಲ್ಲಿ ಜನ ಯಾವುದನ್ನ ಹೆಚ್ಚು ಬರೀತಾರೋ ಅದನ್ನ ಮುಂದಿಡೋದು. ನನ್ನ ಫೈಲಲ್ಲಿ kale ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲಾ ಕಲೆ ಅಂತ ಬಂತು. "ಮುಖದಲ್ಲಿ ಕಳೆನೇ ಇಲ್ಲ" ಅಂತ ಅಜ್ಜಿ ಅಂದಿದ್ದು "ಮುಖದಲ್ಲಿ ಕಲೆನೇ ಇಲ್ಲ" ಆಯ್ತು, ಬಯ್ಗುಳ ಹೋಗಿ ಹೊಗಳಿಕೆ. ನಗು ಬಂತು, ಆದ್ರೆ ಯೋಚ್ನೆ ಮಾಡಿದ್ರೆ ಇದು kale ಗಿಂತ ಕೆಟ್ಟದ್ದು. kale ಅಂತ ಇದ್ರೆ ಓದೋರಿಗೆ ಕನಿಷ್ಠ ಇದು ಅರೆಬರೆ ಬರಹ ಅಂತ ಗೊತ್ತಿರತ್ತೆ. ಕಲೆ ಅಂತ ಶುದ್ಧ ಕನ್ನಡದಲ್ಲಿ ಅಚ್ಚಾಗಿ ಕೂತ ಮೇಲೆ ಅದು ಊಹೆ ಅಂತ ಯಾರಿಗೂ ತಿಳಿಯಲ್ಲ. ಇಂಥ ಪಠ್ಯ ಕೈಗೆ ಬಂದ್ರೆ ನಾನೀಗ ಮೊದಲು ನೋಡೋದು ಪ್ರತ್ಯಯದ ಆಚೆ ಳ, ಣ ಎಷ್ಟಿವೆ ಅಂತ. ಅವಳು, ಬಂದಳು, ಮಕ್ಕಳು ಎಲ್ಲಾ ಸರಿಯಾಗಿದ್ದು ಬೇರೆ ಕಡೆ ಳ ವಿಚಿತ್ರವಾಗಿ ಕಮ್ಮಿ ಇದ್ರೆ, ಮಧ್ಯೆ ಎಲ್ಲೋ ಒಂದು ಸಲ ಇದು ಇಂಗ್ಲಿಷ್ ಅಕ್ಷರದೊಳಗೆ ಹೊಕ್ಕು ಬಂದಿದೆ ಅಂತ ಅನುಮಾನ.

ಇಷ್ಟೆಲ್ಲಾ ಆದ್ಮೇಲೆ ರೋಮನ್ ಲಿಪಿನೇ ಬಡ ಲಿಪಿ ಅಂತ ಬಯ್ಯೋಕೆ ಹೊರಟಿದ್ದೆ, ಆಗ ಟರ್ಕಿ ಭಾಷೆಯ ಕತೆ ನೆನಪಾಯ್ತು. ಅಲ್ಲಿ ಉಲ್ಟಾ. ಆಟೋಮನ್ ಕಾಲದಲ್ಲಿ ಟರ್ಕಿಶನ್ನ ಅರಬ್ಬಿ ಅಕ್ಷರದಲ್ಲಿ ಬರೀತಿದ್ರು. ಟರ್ಕಿಶಲ್ಲಿ 8 ಸ್ವರ, ಅರಬ್ಬಿಯಲ್ಲಿ ಸ್ವರ ತೋರಿಸೋ ಕೆಲಸಕ್ಕೆ ಬರೋ ಅಕ್ಷರ ಮುಖ್ಯವಾಗಿ 3. ತುಟಿ ದುಂಡಗೆ ಮಾಡಿ ಹೇಳೋ ನಾಲ್ಕು ಸ್ವರಕ್ಕೆ, ಅಂದ್ರೆ o, ö, u, ü ಗಳಿಗೆ ಒಂದೇ ಅಕ್ಷರ, ವಾವ್. ಹಂಗಾಗಿ ಹತ್ತು ಅನ್ನೋ on, ಹಿಟ್ಟು ಅನ್ನೋ un, ಖ್ಯಾತಿ ಅನ್ನೋ ün ಮೂರನ್ನೂ ಒಂದೇ ಥರ ಬರೀತಿದ್ರು. 1928ರಲ್ಲಿ ರೋಮನ್ನಿಗೆ ಬಂದಾಗ ಎರಡು ಚುಕ್ಕಿ ಇಟ್ಟು ö, ü ಮಾಡ್ಕೊಂಡ್ರು, ಮೂರೂ ಪದ ಬೇರೆ ಆದ್ವು. ಅಂದ್ರೆ ರೋಮನ್ ಅಕ್ಷರದ್ದೇನೂ ತಪ್ಪಿಲ್ಲ. ನಾವು ತಗೊಂಡಿರೋದು ಇಂಗ್ಲಿಷ್ ತನಗೆ ಅಂತ ಹೊಲಿಸ್ಕೊಂಡ ರೋಮನ್ನು, ಬೇರೆಯವರ ಅಳತೆಯ ಅಂಗಿ.

ನಮಗೂ ಅಂಥ ಚುಕ್ಕಿ ಗೆರೆಯ ವ್ಯವಸ್ಥೆ ಇದೆ, ಹಳೇದೇ. ವಿದ್ವಾಂಸರು ಸಂಸ್ಕೃತಕ್ಕೆ ಬಳಸೋ ಪದ್ಧತಿ 1894ರಲ್ಲಿ ಜಿನೀವಾದ ಸಮ್ಮೇಳನದಲ್ಲಿ ಒಂದು ರೂಪಕ್ಕೆ ಬಂತು. ಅಕ್ಷರದ ಮೇಲೆ ಗೆರೆ ಇದ್ರೆ ದೀರ್ಘ, ಕೆಳಗೆ ಚುಕ್ಕಿ ಇದ್ರೆ ನಾಲಿಗೆ ಮಡಚೋದು. ಚೆನ್ನಾಗಿದೆ, ಆದ್ರೆ ಅದು ಸಂಸ್ಕೃತಕ್ಕೆ ಹೊಲಿದಿದ್ದು. ಸಂಸ್ಕೃತದಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ, ಇರೋದು ದೀರ್ಘ ಮಾತ್ರ, ಅಂದ್ಮೇಲೆ ಗೆರೆ ಯಾಕೆ ದಂಡ ಅಂತ ಬರೀ e, o ಅಂತ ಬಿಟ್ರು. ಕನ್ನಡಕ್ಕೆ ಅದನ್ನ ಹಂಗೇ ತಂದ್ರೆ ನಮ್ಮ ಹಳೇ ಗೋಳೇ, ಕೊಡಿ ಕೋಡಿ ಮತ್ತೆ ಒಂದು. ಇನ್ನೊಂದು ತಮಾಷೆ, ಕೆಳಗೆ ಚುಕ್ಕಿ ಇಟ್ಟ ḷ ಅಲ್ಲಿ ನಮ್ಮ ಳ ಅಲ್ಲ, ಅದು ಌ ಅನ್ನೋ ಸ್ವರ, ಯಾರೂ ಬಳಸದ ಅಕ್ಷರ ಒಂದು ಒಳ್ಳೇ ಸೀಟು ಹಿಡ್ಕೊಂಡು ಕೂತಿದೆ. 2001ರಲ್ಲಿ ಬಂದ ISO 15919 ಅನ್ನೋ ಮಾನಕದಲ್ಲಿ ಇದನ್ನ ಸರಿ ಮಾಡಿದ್ರು, ದೀರ್ಘಕ್ಕೆ ē, ō ಅಂತ ಗೆರೆ ಕಡ್ಡಾಯ, ಌಗೆ ಕೆಳಗೆ ಸಣ್ಣ ಸೊನ್ನೆ, ಳಗೆ ಚುಕ್ಕಿ. ಇದರಲ್ಲಿ ಬರೆದಿದ್ರೆ ಅಜ್ಜಿಯ ಮಾತು kale ಅಥವಾ kaḷe ಅಂತ ಸ್ಪಷ್ಟವಾಗಿ ಬೇರೆ ಇರ್ತಿತ್ತು. ಆದ್ರೆ ಎದುರಿಗೆ ಕೂತು ಮಾತಾಡ್ತಿರೋ ಅಜ್ಜಿ ಮುಂದೆ ಯಾರು ḷ ಹುಡುಕ್ತಾರೆ ಹೇಳಿ.

ಇಂಗ್ಲಿಷ್ ಬಿಟ್ಟು ದೇವನಾಗರಿಯಲ್ಲಿ ಬರೆದಿದ್ರೆ? ಕ ಖ ಗ ಘ ಎಲ್ಲಾ ಇದೆ, ಅಕ್ಕತಂಗಿ ಲಿಪಿಗಳು, ಏನೂ ಕಳೆಯಲ್ಲ ಅಂತ ಅನ್ಸತ್ತೆ. ಅದೇ ಸಾಲನ್ನ ಹಿಂದಿ ಓದೋ ಸ್ನೇಹಿತನಿಗೆ ಬರೆದುಕೊಟ್ಟೆ. "ದಿನಾ ಕಲೇ ತೇಗೇದು ತೇಗೇದು ಕೈ ನೋವು" ಅಂತ ಓದಿದ. ತೆಗೆದು ಹೋಗಿ ತೇಗೇದು, ಹೊಟ್ಟೆ ತುಂಬಿದೋರ ಥರ. ಹಿಂದಿ ಅಕ್ಷರಮಾಲೆಯಲ್ಲಿ ಹ್ರಸ್ವ ಎ ಒ ಇಲ್ಲ, ಳ ಮರಾಠಿಯವರ ಹತ್ರ ಇದೆ ಹಿಂದಿಯವರ ಹತ್ರ ಇಲ್ಲ. ಕಂಪ್ಯೂಟರಿಗೋಸ್ಕರ ಎಲ್ಲಾ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟಿರೋ ಯೂನಿಕೋಡಿನಲ್ಲಿ ದೇವನಾಗರಿಗೂ ಹ್ರಸ್ವ ಎ ಒ ಗಳ ಗುರುತು ಇದೆ, ದಕ್ಷಿಣದ ಭಾಷೆಗಳಿಗೋಸ್ಕರ ಇಟ್ಟಿದ್ದು, ಆದ್ರೆ ಓದೋನಿಗೆ ಆ ಗುರುತು ಗೊತ್ತಿಲ್ಲದೆ ಇದ್ರೆ ಅದು ಕಾಗದದ ಮೇಲಿನ ಕೊಳೆ ಅಷ್ಟೇ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದಿದೆ. ಕನ್ನಡ ಅಂತ ದೇವನಾಗರಿಯಲ್ಲಿ ಅಕ್ಷರಕ್ಕೆ ಅಕ್ಷರ ಸರಿಯಾಗಿ ಬರೀಬಹುದು, ಒಂದೂ ಕಮ್ಮಿ ಇಲ್ಲ. ಹಿಂದಿಯವರು ಅದನ್ನ ಕನ್ನಡ್ ಅಂತ ಓದ್ತಾರೆ. ಅವರ ಓದಿನಲ್ಲಿ ಪದದ ಕೊನೆಯ ಅಕಾರ ಬಿದ್ದುಹೋಗತ್ತೆ, ನಾವು ರಾಮ ಅಂದ್ರೆ ಅವರು ರಾಮ್. ಲಿಪಿ ಏನೂ ಕಳೆದಿಲ್ಲ ಇಲ್ಲಿ, ಎಲ್ಲಾ ಕಾಗದದ ಮೇಲೇ ಇದೆ, ಕಳೆದಿದ್ದು ಓದೋ ಅಭ್ಯಾಸದಲ್ಲಿ. ಅಕ್ಷರದ ಜೊತೆ ಅದನ್ನ ಓದೋ ನಿಯಮನೂ ಪಾರ್ಸೆಲ್ ಆಗಿ ಹೋಗಲ್ಲ.

ಕಂಪ್ಯೂಟರಿನಲ್ಲಂತೂ ಕನ್ನಡದಿಂದ ದೇವನಾಗರಿಗೆ ಹೋಗೋದು ಎಷ್ಟು ಸಲೀಸು ಅಂದ್ರೆ ನಂಬೋಕೆ ಭಯ ಆಗತ್ತೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳನ್ನ ಒಂದೇ ಕ್ರಮದಲ್ಲಿ ಸಾಲಾಗಿ ಜೋಡಿಸಿದ್ದಾರೆ, ಹಂಗಾಗಿ ಬರೀ ಒಂದು ಕಳೆಯೋ ಲೆಕ್ಕ ಸಾಕು:

```python
def nagari(s):
    return "".join(
        chr(ord(c) - 0x380) if "\u0c80" <= c <= "\u0cff" else c
        for c in s)
```

ಅಜ್ಜಿಯ ಸಾಲು ಹಾಕಿದೆ, ಹ್ರಸ್ವ ಎ ಗುರುತಿನ ಸಮೇತ ಸರಿಯಾಗೇ ಬಂತು. ಖುಷಿಯಾಗಿ ಹಳಗನ್ನಡದ ಏೞು ಹಾಕಿದೆ, ಈಗಿನ ಏಳು. ಬಂದಿದ್ದು ಏಫ಼ು! ಹೌದು, ಆಫೀಸಲ್ಲಿ ಬರೋ ಫ. ಕಾರಣ ಹುಡುಕ್ತಾ ಹೋದ್ರೆ, ೞ ಕೂತಿರೋ ಜಾಗ U+0CDE, ಅಲ್ಲಿಂದ ಕಳೆದ್ರೆ ಸಿಗೋದು U+095E, ಅದು ದೇವನಾಗರಿಯಲ್ಲಿ ಚುಕ್ಕಿ ಇರೋ ಫ. ಅಷ್ಟೇ ಅಲ್ಲ, ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞ ಹೆಸರೇ KANNADA LETTER FA ಅಂತ ಇದೆ. ತಪ್ಪು ಅಂತ ಅವರಿಗೂ ಗೊತ್ತು, ಪಕ್ಕದಲ್ಲಿ ಇದು LLLA ಆಗಬೇಕಿತ್ತು ಅಂತ ತಿದ್ದಿದ ಹೆಸರು ಕೊಟ್ಟಿದ್ದಾರೆ, ಆದ್ರೆ ಯೂನಿಕೋಡಿನ ನಿಯಮದಲ್ಲಿ ಒಂದ್ಸಲ ಇಟ್ಟ ಹೆಸರು ಬದಲಾಯಿಸೋ ಹಾಗಿಲ್ಲ. ದೇವನಾಗರಿಯಲ್ಲಿ ೞಗೆ ಸರಿಯಾದ ಜೋಡಿ ಬೇರೆ ಕಡೆ, U+0934ರಲ್ಲಿ ಇದೆ. ನಾಲ್ಕು ಸಾಲಿನ ಕೋಡಿಗೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು. ಯಾವ ಎರರ್ರೂ ಕೊಡದೆ ಏೞನ್ನ ಏಫ಼ು ಮಾಡಿ ಕೈಗಿಡತ್ತೆ.

ಕೊನೆಗೆ ತಮಿಳಲ್ಲಿ ಬರೆದು ನೋಡೋಣ ಅಂತ ಕುತೂಹಲ ಬಂತು. ಇಲ್ಲಿ ಚಿತ್ರ ಪೂರ್ತಿ ಬೇರೆ. ತಮಿಳಲ್ಲಿ ಹ್ರಸ್ವ ಎ ಇದೆ, ದೀರ್ಘ ಏ ಇದೆ, ಲ ಇದೆ, ಳ ಇದೆ, ನಾವು ಬಿಟ್ಟುಕೊಟ್ಟ ೞ ಕೂಡ ಅವರ ಹತ್ರ ಇನ್ನೂ ಜೀವಂತ ಇದೆ. ಕಲೆ ಬೇರೆ ಕಳೆ ಬೇರೆ, ನನ್ನ ಸಮಸ್ಯೆ ಹುಟ್ಟೋದೇ ಇಲ್ಲ. ಇಲ್ಲದಿರೋದು ಗ, ದ, ಬ, ಡ. ಕ ಗ ಎರಡಕ್ಕೂ ಒಂದೇ ಅಕ್ಷರ, ತ ದ ಎರಡಕ್ಕೂ ಒಂದೇ. ಪದದ ಮೊದಲಲ್ಲಿ ಬಂದ್ರೆ ಗಟ್ಟಿಯಾಗಿ ಕ, ತ ಅಂತ ಓದೋದು, ಎರಡು ಸ್ವರದ ನಡುವೆ ಬಂದ್ರೆ ಮೆತ್ತಗೆ ಗ, ದ ಹತ್ರ ಓದೋದು ಅಂತ ವಾಡಿಕೆ. ಹಂಗಾಗಿ ತೆಗೆದು ಅನ್ನೋದು ಅದೃಷ್ಟಕ್ಕೆ ಹೆಚ್ಚುಕಮ್ಮಿ ತೆಗೆದು ಅಂತಲೇ ಓದಿಸ್ಕೊಳ್ಳತ್ತೆ, ನಡುವೆ ಗ, ಆಮೇಲೆ ದ, ಎಲ್ಲಾ ಬೇಕಾದ ಜಾಗದಲ್ಲೇ ಬಿದ್ದಿವೆ. ಮೊದಲನೇ ಪದ ಮಾತ್ರ ಕೈ ಕೊಡತ್ತೆ, ದಿನಾ ಹೋಗಿ ತಿನಾ. ಈ ಒಂದು ಸಾಲಲ್ಲಿ ಅಷ್ಟೇ ನಷ್ಟ. ಗಾಳಿ ಮತ್ತೆ ಕಾಳಿ ಇರೋ ಸಾಲು ಆಗಿದ್ರೆ ತಮಿಳು ಸೋತು ಇಂಗ್ಲಿಷ್ ಅಕ್ಷರ ಗೆಲ್ತಿತ್ತು, gali, kali ಅಂತ ಆರಾಮಾಗಿ ಬೇರೆ ಇರ್ತಿದ್ವು.

ಒಂದೇ ಸಾಲು ಮೂರು ಜರಡಿಯಲ್ಲಿ ಮೂರು ಬೇರೆ ಕಡೆ ಸೋರಿತು. ಹಂಗಾಗಿ ಯಾವ ಲಿಪಿ ಒಳ್ಳೇದು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಉತ್ತರ ಗೊತ್ತಿಲ್ಲ, ಯಾವ ಪದ ಅಂತ ವಾಪಸ್ ಕೇಳ್ತೀನಿ.

ಮತ್ತೆ ಫೈಲಿಗೆ ಬರ್ತೀನಿ. ನಿನ್ನೆ ರಾತ್ರಿ ಇನ್ನೊಂದ್ಸಲ ಮೊದಲಿಂದ ನೋಡ್ತಾ ಬಂದಾಗ ಎದೆ ಧಸಕ್ ಅಂತು, ಯಾಕಂದ್ರೆ ಮೊದಲನೇ ಹತ್ತು ಹನ್ನೊಂದು ಸಾಲಿನಲ್ಲಿ ನಾನು ದೊಡ್ಡ L ಬಳಸಿದ್ದೆ! beLagge, haLLi, makkaLu. ಅಂದ್ರೆ ಆಗಲೇ ನಂಗೆ ಈ ವಿಷಯ ಗೊತ್ತಿತ್ತು, ಲಗೆ ಚಿಕ್ಕದು ಳಗೆ ದೊಡ್ಡದು ಅಂತ ನಾನೇ ನಿಯಮ ಮಾಡ್ಕೊಂಡಿದ್ದೆ. ಹಂಗಿದ್ಮೇಲೆ kale ಅಂತ ಚಿಕ್ಕ l ಇದೆ ಅಂದ್ರೆ ಅದು ಕಲೆನೇ, ಚಿಕ್ಕಮ್ಮ ಹೇಳಿದ್ದೇ ಸರಿ ಅಂತ ಖುಷಿಯಾಗಿ ಕೆಳಗೆ ನೋಡ್ತಾ ಹೋದೆ. ಹನ್ನೆರಡನೇ ಸಾಲಿನಲ್ಲಿ avalu ಅಂತ ಇದೆ, ಚಿಕ್ಕ l. ಹದಿಮೂರರಲ್ಲಿ halli. ಶಿಫ್ಟ್ ಒತ್ತಿ ಒತ್ತಿ ಬೇಜಾರಾಗಿ ಬಿಟ್ಟಿದ್ದೀನಿ. ಆಮೇಲೆ ಸಾಲಿನ ಮೊದಲ ಅಕ್ಷರವನ್ನ ಫೋನೇ ದೊಡ್ಡದು ಮಾಡಿರೋ ಕಡೆ Nadi ಅಂತ ಇದೆ, ನನ್ನ ನಿಯಮದ ಪ್ರಕಾರ ಅದು ಣದಿ ಆಗಬೇಕು. kale ಇರೋದು ಮೂವತ್ತನಾಲ್ಕನೇ ಸಾಲಿನಲ್ಲಿ. ಅಷ್ಟೊತ್ತಿಗೆ ದೊಡ್ಡ L ಅನ್ನೋದು ಒಂದೂ ಇಲ್ಲ, ಅಂದ್ಮೇಲೆ ಚಿಕ್ಕ l ಯಾವ ಸಾಕ್ಷಿನೂ ಹೇಳಲ್ಲ.

ಅಮ್ಮನನ್ನ ಕೇಳಿದೆ, ಕಳೆ ಅಂದ್ರು. ಚಿಕ್ಕಮ್ಮ ಕಲೆ ಅಂತಲೇ ಅಂತಿದ್ದಾರೆ. ಇಬ್ಬರೂ ಅವರವರ ಅಜ್ಜಿಯನ್ನ, ಅಂದ್ರೆ ಅವರ ಕಣ್ಣಿಗೆ ಕಂಡ ಅಮ್ಮನನ್ನ ನೆನಪು ಮಾಡ್ಕೊಂಡು ಹೇಳ್ತಿದ್ದಾರೆ, ಇಬ್ಬರೂ ಆ ದಿನ ಅಲ್ಲಿರ್ಲಿಲ್ಲ. ಅಲ್ಲಿದ್ದೋನು ನಾನೊಬ್ಬನೇ, ಕಿವಿಯಾರೆ ಕೇಳಿದೋನು, ನಂಗೇ ನೆನಪಿಲ್ಲ.

ಈಗ ಕನ್ನಡದ ಪ್ರತಿಯಲ್ಲಿ "ದಿನಾ ಕಳೆ/ಕಲೆ ತೆಗೆದು ತೆಗೆದು ಕೈ ನೋವು" ಅಂತ ಗೆರೆ ಎಳೆದು ಎರಡೂ ಇಟ್ಟಿದ್ದೀನಿ, ಪಕ್ಕದಲ್ಲಿ ಹಳೇ ಇಂಗ್ಲಿಷ್ ಅಕ್ಷರದ ಸಾಲನ್ನೂ ಹಂಗೇ ಉಳಿಸಿದ್ದೀನಿ, ಎಪ್ಪತ್ತು ಎಂಬತ್ತು ಸಾಲಿಗೂ ಹಂಗೇ ಮಾಡ್ತಿದ್ದೀನಿ. ಮೂವತ್ತೈದನೇ ಸಾಲು kodi heltini ಅಂತ ಶುರುವಾಗತ್ತೆ. ಕೊಡಿ ಹೇಳ್ತೀನಿ. ಇರಬೇಕು.